ಹಚ್ಚೊಳ್ಳಿ ಬಸ್ಸಿನ ಯರ್ರಿಸ್ವಾಮಿ ಬರೆದ ವರದಿ

ಬಳ್ಳಾರಿಯ ಬಸ್ ಡಿಪೋದಲ್ಲಿ ಡ್ರೈವರ್ ಯರ್ರಿಸ್ವಾಮಿಯನ್ನು ಮಾತಿಗೆ ಎಳೆಯುವವರು ಮೊದಲು ತಮ್ಮ ಗಾಡಿ ಹೊರಡಲು ಎಷ್ಟು ಹೊತ್ತಿದೆ ಎಂದು ನೋಡಿಕೊಳ್ಳುತ್ತಿದ್ದರು. ಸಿರುಗುಪ್ಪದಲ್ಲಿ ಚಹಾ ಆಯಿತೇ ಎಂದು ಕೇಳಿದರೆ, ಹೋಟೆಲಿನವನ ಎಮ್ಮೆ ಕರು ಹಾಕಿದ್ದರಿಂದ ಶುರು ಮಾಡಿ, ಅದರ ಹಾಲು ಗಟ್ಟಿಯಾದದ್ದು ಹೇಳಿ, ಆಮೇಲೆ ಚಹಾಕ್ಕೆ ಬರುತ್ತಿದ್ದ. ಕೇಳುವವರಿಗೆ ಬೇಸರವಾಗುತ್ತಿರಲಿಲ್ಲ. ಎಮ್ಮೆಯೂ ಹೋಟೆಲಿನವನೂ ಎದುರಿಗೆ ಬಂದು ನಿಂತಂತೆ ಹೇಳುತ್ತಿದ್ದ. ಆದರೆ ಅದೇ ಮನುಷ್ಯನ ಕೈಗೆ ಪೆನ್ನು ಕೊಟ್ಟರೆ ಮಾತು ಬತ್ತಿಹೋಗುತ್ತಿತ್ತು. ಪಾಳಿ ಮುಗಿಸಿ ಬಂದು ಗಾಡಿಯ ತೊಂದರೆ ಬರೆಯುವ ಹಾಳೆಯಲ್ಲಿ ವರ್ಷಗಟ್ಟಲೆ ಅವನು ಬರೆದದ್ದು ಒಂದೇ ಸಾಲು: "ಗಾಡಿ ಸರಿ ಇದೆ." ಸರಿ ಇಲ್ಲದಿದ್ದರೆ, "ಗಾಡಿ ನೋಡಿರಿ."

ಅವನದು ಬಾದನಹಟ್ಟಿ. ಸ್ಟೀರಿಂಗ್ ಹಿಡಿದದ್ದು ಊರಿನವರ ಟ್ರ್ಯಾಕ್ಟರಿನ ಮೇಲೆ. ಆಮೇಲೆ ಕೆಲವು ವರ್ಷ ಬಳ್ಳಾರಿಯ ಬ್ರೂಸ್‌ಪೇಟೆಯ ಅಂಗಡಿಗಳಿಗೆ ಕಿರಾಣಿ ಮಾಲು ಹಾಕುವ ಸಣ್ಣ ಲಾರಿ ಓಡಿಸಿದ. ಆ ಸಂದಿಗಳಲ್ಲಿ ಲಾರಿ ಹಿಂದಕ್ಕೆ ತೆಗೆದವನಿಗೆ ಜಗತ್ತಿನಲ್ಲಿ ಎಲ್ಲಿ ಬೇಕಾದರೂ ತೆಗೆಯಲು ಬರುತ್ತದೆ ಎಂಬುದು ಅವನ ನಂಬಿಕೆ. ಬಸ್ಸಿನ ಕೆಲಸ ಸಿಕ್ಕ ಮೇಲೆ ಹೊನ್ನೂರಮ್ಮನನ್ನು ಮದುವೆಯಾಗಿ ಕೌಲ್‌ಬಜಾರಿನಲ್ಲಿ ಮನೆ ಮಾಡಿದ. ಸಿರುಗುಪ್ಪದ ಮೇಲೆ ಹಚ್ಚೊಳ್ಳಿಗೆ ಹೋಗುವ ಬಸ್ಸು ಅವನಿಗೆ ಖಾಯಂ ಎನ್ನುವಷ್ಟು ಆಗಿಹೋಗಿತ್ತು. ಕಾಲುವೆಯ ನೀರು, ಎರಡೂ ಕಡೆ ಗದ್ದೆ, ಕೈ ಮಾಡಿದಲ್ಲಿ ನಿಲ್ಲಿಸಿದರೆ ಹೆಸರು ಹಿಡಿದು ಮಾತಾಡಿಸುವ ಜನ. ಬೇರೆ ದಾರಿ ಅವನು ಕೇಳಲೂ ಇಲ್ಲ.

ಆ ದಿನ ಭತ್ತದ ಕೊಯ್ಲು ಮುಗಿಯುತ್ತ ಬಂದಿತ್ತು. ಬೆಳಿಗ್ಗೆ ಡಿಪೋದ ಅಂಗಳದಲ್ಲಿ ಯಾವತ್ತಿನಂತೆ ಗಾಡಿಯನ್ನು ಒಂದಿಷ್ಟು ಮುಂದೆ ಬಿಟ್ಟು ಬ್ರೇಕು ಒತ್ತಿ ನೋಡಿದ. ಚೆನ್ನಾಗಿ ಹಿಡಿಯಿತು. ಸಿರುಗುಪ್ಪದವರೆಗೆ ಏನೂ ಇಲ್ಲ. ಸಿರುಗುಪ್ಪದ ನಿಲ್ದಾಣದಲ್ಲಿ ಗಾಡಿ ನಿಲ್ಲಿಸುವಾಗ ಮಾತ್ರ ಕಾಲ ಕೆಳಗೆ 'ಕಟ್' ಎಂದು ಸಣ್ಣ ಸದ್ದಾಯಿತು. ಪೆಡಲು ಸ್ವಲ್ಪ ಸಡಿಲಾದಂತೆಯೂ ಅನಿಸಿತು. ಇನ್ನೊಮ್ಮೆ ಒತ್ತಿದ, ಸರಿಯಿತ್ತು. ಚಹಾ ಕುಡಿದು ಬಂದ, ಜನ ಹತ್ತಿದರು, ಕಂಡಕ್ಟರ್ ನಂದಿನಿ ಸೀಟಿ ಊದಿದಳು, ಹೊರಟ.

ಹಚ್ಚೊಳ್ಳಿಗೆ ಹೋಗುವ ದಾರಿಯಲ್ಲಿ ಕಾಲುವೆಯ ಮೇಲೊಂದು ಸೇತುವೆ ಇದೆ. ಹತ್ತುವಾಗ ಆಚೆ ಬದಿಯ ರಸ್ತೆ ಕಾಣುವುದಿಲ್ಲ. ಯರ್ರಿಸ್ವಾಮಿ ಸೇತುವೆ ಹತ್ತಿ ಇಳಿಜಾರಿಗೆ ಬಂದಾಗ ಕೆಳಗೆ ಎಡಗಡೆ ಭತ್ತದ ಚೀಲ ಹೇರಿದ ಟ್ರ್ಯಾಕ್ಟರ್ ಟ್ರೇಲರ್ ನಿಂತಿತ್ತು. ಬಲಗಡೆಯ ಅರ್ಧ ರಸ್ತೆಯ ಮೇಲೆ ಉದ್ದಕ್ಕೂ ಭತ್ತ ಹರವಿತ್ತು. ಗಂಡ ಹೆಂಡತಿ ಇಬ್ಬರು ಕಾಲಿನಿಂದ ಭತ್ತ ಕೆದರುತ್ತ ನಡೆದಿದ್ದರು. ಅವನು ಬ್ರೇಕಿನ ಮೇಲೆ ಕಾಲಿಟ್ಟ. ಪೆಡಲು ತಡೆಯೇ ಇಲ್ಲದೆ ನೆಲಕ್ಕೆ ಹೋಗಿ ಮುಟ್ಟಿತು. ಗಾಡಿಯ ವೇಗ ಇಳಿಯಲಿಲ್ಲ. ಮತ್ತೆ ಒತ್ತಿದ. ಅದೇ.

"ನಂದಿನಿ, ಬ್ರೇಕ್ ಹೋತು. ಎಲ್ಲಾರಿಗೂ ಕಂಬಿ ಹಿಡ್ಕೊಳ್ಳಾಕ ಹೇಳವ್ವ," ಎಂದ. ಅವನ ಧ್ವನಿ ಏರಲಿಲ್ಲ. ಊಟಕ್ಕೆ ಕರೆದ ಹಾಗಿತ್ತು ಎಂದು ನಂದಿನಿ ಆಮೇಲೆ ಹೇಳಿದಳು. ಅವಳು ಮಾತ್ರ ಇಡೀ ಬಸ್ಸಿಗೆ ಕೇಳುವಂತೆ ಕೂಗಿದಳು.

ಯರ್ರಿಸ್ವಾಮಿಯ ಒಂದು ಕೈ ಹಾರನ್ನಿನ ಮೇಲಿಂದ ಏಳಲಿಲ್ಲ. ಗೇರನ್ನು ಮೂರಕ್ಕೆ ಇಳಿಸಿದ. ಎಂಜಿನ್ ಒದರಿ ಗಾಡಿ ಮುಗ್ಗರಿಸಿದಂತಾಯಿತು. ಸ್ವಲ್ಪ ವೇಗ ತಗ್ಗಿದ ಮೇಲೆ ಎರಡಕ್ಕೆ ಹಾಕಿದ. ಟ್ರ್ಯಾಕ್ಟರಿನ ಕಡೆ ಹೋಗುವಂತಿರಲಿಲ್ಲ. ಗಂಡ ಹೆಂಡತಿ ಹಾರನ್ನಿಗೆ ತಲೆಯೆತ್ತಿ, ಬಸ್ಸು ಬರುವ ರೀತಿ ನೋಡಿ, ಗದ್ದೆಯ ಬದುವಿಗೆ ಜಿಗಿದರು. ಅವನು ಬಸ್ಸನ್ನು ಭತ್ತದ ಮೇಲೆ ತಿರುಗಿಸಿದ.

ಹ್ಯಾಂಡ್ ಬ್ರೇಕಿನ ಹಿಡಿಕೆ ಅವನ ಕೈಯಲ್ಲೇ ಇತ್ತು. ಆದರೆ ಎಳೆಯಲಿಲ್ಲ. ಡಾಂಬರಿನ ಮೇಲಿನ ಭತ್ತ ಅಂದರೆ ಗೋಲಿ ಚೆಲ್ಲಿದ ಹಾಗೆ. ಅಲ್ಲಿ ಹಿಂದಿನ ಗಾಲಿ ಬಿಗಿದರೆ ಬಸ್ಸು ಅಡ್ಡ ತಿರುಗಿ ಪಕ್ಕದಲ್ಲೇ ಹರಿಯುವ ಕಾಲುವೆಯ ಕಡೆಗೆ ಜಾರುತ್ತದೆ. ಭತ್ತ ದಾಟುವವರೆಗೂ ಸ್ಟೀರಿಂಗ್ ನೆಟ್ಟಗೆ ಹಿಡಿದು ಗೇರಿನ ಮೇಲೆಯೇ ಬಿಟ್ಟ. ಬರಿಯ ಡಾಂಬರು ಸಿಕ್ಕಿದ ಮೇಲೆ ಹಿಡಿಕೆಯನ್ನು ಸ್ವಲ್ಪ ಸ್ವಲ್ಪವೇ ಎಳೆದ. ಬಸ್ಸು ಒಂದು ಜಾಲಿ ಮರದ ಪಕ್ಕ ಸದ್ದಿಲ್ಲದೆ ನಿಂತುಕೊಂಡಿತು.

ಒಳಗೆ ಕೆಲವರು ಅಳುತ್ತ ಇನ್ನೂ ಕಂಬಿ ಹಿಡಿದೇ ಇದ್ದರು. ಅಷ್ಟರಲ್ಲಿ ಹಿಂದಿನ ಸೀಟಿನಿಂದ ಹಚ್ಚೊಳ್ಳಿಯ ಗಿಡ್ಡಮ್ಮ ಎಂಬ ಮುದುಕಿಯ ಧ್ವನಿ ಬಂತು. ಸಿರುಗುಪ್ಪದಲ್ಲಿ ಕಣ್ಣು ಮುಚ್ಚಿದವಳು ಆಗಷ್ಟೇ ಎಚ್ಚರಾಗಿದ್ದಳು. "ಊರು ಬಂತೇನಪ್ಪಾ?" ಎಂದು ಕೇಳಿದಳು.

ನಗು ಮೊದಲು ನಂದಿನಿಗೆ ಬಂತು. ಅಲ್ಲಿಂದ ಇಡೀ ಬಸ್ಸಿಗೆ ಹಬ್ಬಿತು. ಅಳುತ್ತಿದ್ದವರೂ ನಕ್ಕರು. ಯರ್ರಿಸ್ವಾಮಿಗೂ ನಗು ಬಂತು. ನಂದಿನಿ ಗಾಲಿಗಳಿಗೆ ಅಡ್ಡ ಕಲ್ಲು ಇಡಿಸಿ, ಜನರನ್ನು ಇಳಿಸಿ, ಒಬ್ಬೊಬ್ಬರನ್ನೂ ಪೆಟ್ಟಾಗಿದೆಯೇ ಎಂದು ಕೇಳಿಕೊಂಡು ಬಂದಳು. ಒಬ್ಬರ ಮೊಣಕೈ ತರಚಿತ್ತು, ಅಷ್ಟೇ.

ಭತ್ತದ ಒಡೆಯ ರಂಗಣ್ಣ ಭತ್ತ ಎಳೆಯುವ ಮರದ ಹಲಗೆ ಹಿಡಿದು ಜಗಳಕ್ಕೆ ಬಂದ. ದುಡಿದ ಬೆಳೆಯ ಮೇಲೆ ಬಸ್ಸು ಹತ್ತಿಸುತ್ತೀಯಾ ಎಂದು ಕೇಳುತ್ತಲೇ ಹತ್ತಿರ ಬಂದವನು ಡ್ರೈವರನ ಮುಖ ನೋಡಿ ಮಾತು ನಿಲ್ಲಿಸಿದ. ಬ್ರೇಕು ಹೋಗಿತ್ತೆಂದು ಜನ ಹೇಳಿದಾಗ ಹಿಂದಕ್ಕೆ ತಿರುಗಿ ಟ್ರ್ಯಾಕ್ಟರನ್ನೂ ಕಾಲುವೆಯನ್ನೂ ತಾನು ಜಿಗಿದ ಬದುವನ್ನೂ ನೋಡಿದ. ಹಲಗೆ ಕೆಳಗಿಟ್ಟು ಹೆಂಡತಿಯನ್ನು ಕರೆದು ಮಜ್ಜಿಗೆ ತರಲು ಹೇಳಿದ.

ಯರ್ರಿಸ್ವಾಮಿ ಡಿಪೋಗೆ ಫೋನು ಮಾಡಿದ್ದು ಮಜ್ಜಿಗೆ ಕುಡಿಯುವ ಮೊದಲೇ. ಫೋನು ಎತ್ತಿದವರು ಡಿಪೋ ಮ್ಯಾನೇಜರ್ ಮೀನಾಕ್ಷಿ. ಬಂದು ವರ್ಷವೂ ಆಗಿರಲಿಲ್ಲ. ಕಡಿಮೆ ಮಾತಿನ ಹೆಂಗಸು. ಅವರು ಮೊದಲು ಕೇಳಿದ್ದು ಜನರ ವಿಷಯ. ಎಲ್ಲರೂ ಸುಖವಾಗಿದ್ದಾರೆ ಎಂದು ತಿಳಿದ ಮೇಲೆ ಏನಾಯಿತು ಎಂದರು. ಯರ್ರಿಸ್ವಾಮಿ ಸೇತುವೆಯಿಂದ ಶುರು ಮಾಡಿ ಟ್ರ್ಯಾಕ್ಟರು, ಭತ್ತ, ಬದುವಿಗೆ ಜಿಗಿದ ದಂಪತಿಯವರೆಗೆ ಬಂದ. ನಂದಿನಿ ಬೇಗ ಮುಗಿಸುವಂತೆ ಸನ್ನೆ ಮಾಡುತ್ತಿದ್ದಳು. ಮ್ಯಾನೇಜರ್ ತಡೆಯಲಿಲ್ಲ. ಅವನು ಉಸಿರು ತೆಗೆದುಕೊಂಡಾಗ ಮಾತ್ರ ಒಂದೊಂದು ಪ್ರಶ್ನೆ ಹಾಕಿದರು.

"ಬ್ರೇಕಿನ ಟ್ಯಾಂಕಿನ್ಯಾಗ ಗಾಳಿ ಇಳಿದಿತ್ತೇನ್ರಿ?"

"ಇಲ್ರಿ ಮೇಡಂ. ಮೀಟರಿನ ಗಾಳಿ ಮುಳ್ಳು ಇದ್ದ ಜಾಗ ಬಿಟ್ಟು ಕದಲಿಲ್ಲ. ಬಜರ್ ಸೈತ ಒದರಿಲ್ಲ. ಹ್ಯಾಂಡ್ ಬ್ರೇಕ್ ಚಲೋ ಹಿಡೀತು."

"ಮತ್ತ ಪೆಡಲ್? ಕಾಲಿಗೆ ಏನು ಗೊತ್ತಾತು, ಅದನ್ನ ಹೇಳ್ರಿ."

"ಕತ್ಲಾಗ ಇನ್ನೊಂದು ಮೆಟ್ಟಲ ಐತಿ ಅಂತ ಕಾಲಿಟ್ರ ಮೆಟ್ಟಲಾ ಇರಲಾರದಂಗ ಆತ್ರಿ. ಕೆಳಗ ಏನೂ ಸಿಗಲಿಲ್ಲ."

ಮೀನಾಕ್ಷಿಯವರ ಎದುರಿಗೆ ಕಾರ್ಯಾಗಾರದ ಮೇಲ್ವಿಚಾರಕ ವಿರೂಪಾಕ್ಷಿ ನಿಂತಿದ್ದರು. ಫೋನು ಸ್ಪೀಕರಿನಲ್ಲಿತ್ತು. ಗಾಳಿ ಪೂರ್ತಿ ಇದೆ, ಪೆಡಲು ಖಾಲಿ ಹೋಗುತ್ತಿದೆ ಎಂದರೆ ಗಾಳಿಯ ಪೈಪು ಒಡೆದದ್ದಲ್ಲ, ಬ್ರೇಕಿಗೆ ಗಾಳಿ ಬಿಡುವ ವಾಲ್ವಿಗೂ ಪೆಡಲಿಗೂ ನಡುವಿನ ಕಡ್ಡಿಯೇ ಕಳಚಿದೆ ಎಂದರು ವಿರೂಪಾಕ್ಷಿ. ಹಿಂದಿನ ದಿನ ಆ ಬಸ್ಸಿನ ಪೆಡಲಿನ ಕೆಲಸ ಆಗಿತ್ತು. ಅವರು ಕೆಲಸದ ಹಾಳೆ ತೆಗೆದು ನೋಡಿದರು. ಅದೇ ಕೆಲಸ ಇನ್ನೊಂದು ಬಸ್ಸಿಗೂ ಆಗಿತ್ತು. ಅದು ಕೊಟ್ಟೂರಪ್ಪ ಓಡಿಸುತ್ತಿದ್ದ ಬಸ್ಸು. ಕುರುಗೋಡಿನಿಂದ ಬಾದನಹಟ್ಟಿಗೆ ಹೊರಡುವ ಹೊತ್ತು.

ಬಸ್ಸು ಓಡಿಸುವಾಗ ಕೊಟ್ಟೂರಪ್ಪ ಫೋನು ಎತ್ತುವವನಲ್ಲ. ಮೀನಾಕ್ಷಿ ಕುರುಗೋಡು ನಿಲ್ದಾಣದ ನಿಯಂತ್ರಕರಿಗೆ ಫೋನು ಮಾಡಿದರು. ಆ ಹೊತ್ತಿಗೆ ಬಸ್ಸು ಜನ ತುಂಬಿಕೊಂಡು ಗೇಟಿನ ಕಡೆ ತಿರುಗುತ್ತಿತ್ತು. ನಿಯಂತ್ರಕರು ಫೋನು ಕೈಯಲ್ಲಿ ಹಿಡಿದೇ ಓಡಿ ಬಂದು ಗೇಟಿನಲ್ಲಿ ಎರಡೂ ಕೈ ಎತ್ತಿ ನಿಂತರು. ಸಿಟ್ಟಿನಿಂದ ಇಳಿದ ಕೊಟ್ಟೂರಪ್ಪ, ವಿಷಯ ತಿಳಿದ ಮೇಲೆ ಬಗ್ಗಿ ಪೆಡಲಿನ ಕೆಳಗೆ ಬ್ಯಾಟರಿ ಬಿಟ್ಟು ನೋಡಿದ. ಕಡ್ಡಿಯನ್ನು ಪೆಡಲಿಗೆ ಜೋಡಿಸುವ ಪಿನ್ನು ಅರ್ಧ ಹೊರಗೆ ಬಂದಿತ್ತು. ಅವನು ಅಲ್ಲೇ ನಿಲ್ದಾಣದ ಕಟ್ಟೆಯ ಮೇಲೆ ಕುಳಿತುಬಿಟ್ಟ.

ಇತ್ತ ಕಾಲುವೆಯ ಹತ್ತಿರ, ಬಸ್ಸನ್ನು ಚಾಲೂ ಮಾಡಬೇಡಿ, ಏನನ್ನೂ ಮುಟ್ಟಬೇಡಿ, ಮೊಬೈಲಿನಲ್ಲಿ ಫೋಟೋ ಮಾತ್ರ ತೆಗೆದಿಡಿ ಎಂದು ಮ್ಯಾನೇಜರ್ ಹೇಳಿದ್ದರು. ಸಿರುಗುಪ್ಪದಿಂದ ಬೇರೆ ಬಸ್ಸು ಬರಲು ಹೊತ್ತಿತ್ತು. ಸುಮ್ಮನೆ ಕುಳಿತು ಏನು ಮಾಡುವುದೆಂದು ಹೆಂಗಸರು ಸೆರಗು ಸಿಕ್ಕಿಸಿ ಚೆದುರಿದ ಭತ್ತ ಬಳಿಯಲು ನಿಂತರು. ಗಂಡಸರೂ ಸೇರಿದರು. ಗಿಡ್ಡಮ್ಮ ಬದುವಿನ ಮೇಲೆ ಕುಳಿತು, ಆ ಕಡೆ ಉಳಿಯಿತು, ಈ ಕಡೆ ಉಳಿಯಿತು ಎಂದು ಅಪ್ಪಣೆ ಕೊಡುತ್ತಿದ್ದಳು. ರಂಗಣ್ಣನ ಹೆಂಡತಿ ಮಂಡಕ್ಕಿಗೆ ಒಗ್ಗರಣೆ ಹಾಕಿ ದೊಡ್ಡ ಪರಾತದಲ್ಲಿ ತಂದಿಟ್ಟಳು. ಬೇರೆ ಬಸ್ಸು ಬಂದು ಹಾರನ್ ಹಾಕಿದರೆ, ತಡಿಯಪ್ಪ, ಮಂಡಕ್ಕಿ ತಿಂದು ಬರ್ತೀವಿ ಎಂದರು ಜನ. ತಡವಾಯಿತೆಂದು ಯಾರೂ ಗೊಣಗಲಿಲ್ಲ. ಹೋಗುವಾಗ ಒಬ್ಬೊಬ್ಬರೂ ಯರ್ರಿಸ್ವಾಮಿಯ ಭುಜ ಮುಟ್ಟಿ ಹೋದರು.

ಮಧ್ಯಾಹ್ನ ವಿರೂಪಾಕ್ಷಿ ಜೀಪಿನಲ್ಲಿ ಬಂದು ಪರೀಕ್ಷೆ ಮಾಡಿದರು. ಪಿನ್ನು ಎಲ್ಲಿಯೋ ಬಿದ್ದುಹೋಗಿತ್ತು. ಅದು ಜಾರದಂತೆ ಅದರ ತುದಿಯ ತೂತಿನಲ್ಲಿ ಹಾಕಿ ಬಾಗಿಸುವ ಸಣ್ಣ ಸ್ಪ್ಲಿಟ್ ಪಿನ್ನು ಇರಬೇಕಾದಲ್ಲಿ ತುಂಡಾದ ಬೈಂಡಿಂಗ್ ವೈರು ನೇತಾಡುತ್ತಿತ್ತು.

ಸಂಜೆ ಕೌಲ್‌ಬಜಾರಿನ ಮನೆಗೆ ಮೆಕ್ಯಾನಿಕ್ ಹುಲುಗೇಶ್ ಬಂದ. ಹೊನ್ನೂರಮ್ಮ ಚಹಾ ಕೊಟ್ಟರೆ ಮುಟ್ಟಲಿಲ್ಲ. ಕುರುಗೋಡಿಗೆ ಬೈಕಿನಲ್ಲಿ ಹೋಗಿ ಕೊಟ್ಟೂರಪ್ಪನ ಬಸ್ಸಿಗೆ ಪಿನ್ನು ಹಾಕಿ ಬಂದವನು ಅವನೇ. ಹಿಂದಿನ ದಿನ ಎರಡೂ ಬಸ್ಸಿಗೆ ವೈರು ಸುತ್ತಿದವನೂ ಅವನೇ. ಸ್ಟೋರಿನಲ್ಲಿ ಸ್ಪ್ಲಿಟ್ ಪಿನ್ನು ಮುಗಿದಿತ್ತು, ಬೆಳಿಗ್ಗೆ ಗಾಡಿ ನಿಲ್ಲಬಾರದು ಎಂದು ಎಲ್ಲರೂ ಅವಸರ ಮಾಡುತ್ತಿದ್ದರು.

"ನಾಳೆ ಸ್ಟಾಕ್ ಬಂದಮ್ಯಾಲೆ ಬದಲ್ ಮಾಡಿದ್ರಾತು ಅಂದ್ಕಂಡೆ ಅಣ್ಣಾ. ಹಾಳ್ಯಾಗ ಬರೀಲಿಲ್ಲ, ಯಾರಿಗೂ ಹೇಳ್ಲಿಲ್ಲ. ನೀನು ಏನು ಬೇಕಾದ್ರೂ ಬರಿ," ಎಂದ.

ಯರ್ರಿಸ್ವಾಮಿ ಅವನ ಕೈಗೆ ಚಹಾದ ಲೋಟ ಕೊಟ್ಟು, "ಕುಡಿಯಲೇ ಮೊದ್ಲು," ಎಂದ. ಅವನು ಹೋದ ಮೇಲೆ ಹೆಂಡತಿಯ ಹತ್ತಿರ ಬಹಳ ಹೊತ್ತು ಮಾತಾಡಿದ. ಹುಲುಗೇಶನ ಕೆಲಸಕ್ಕೆ ಕುತ್ತು ಬರಬಾರದು. ಇನ್ನೊಂದು ವಿಷಯವೂ ಮನಸ್ಸಿನಲ್ಲಿತ್ತು. ಸಿರುಗುಪ್ಪದಲ್ಲಿ ಆದ ಆ ಸದ್ದು. ಅದು ಕಿವಿಗೆ ಬಿದ್ದೂ ತಾನು ಇಳಿದು ನೋಡಿರಲಿಲ್ಲ. ಅದನ್ನು ಬರೆದರೆ ತನ್ನ ಮೇಲೂ ಬರುತ್ತದೆ.

ಮರುದಿನ ಮ್ಯಾನೇಜರಿಗೆ ಕೊಟ್ಟ ವರದಿ ಹೀಗಿತ್ತು: "ಬ್ರೇಕ್ ಫೇಲ್ ಆಗಿದ್ದರಿಂದ ಗಾಡಿ ನಿಲ್ಲಿಸಿದೆನು. ಪ್ರಯಾಣಿಕರು ಕ್ಷೇಮ."

ಮೀನಾಕ್ಷಿ ಅದನ್ನು ಓದಿ ಅವನನ್ನು ಕುರ್ಚಿಯಲ್ಲಿ ಕೂಡಿಸಿದರು. "ನಿನ್ನೆ ನೀವು ಫೋನಿನಾಗ ಹೀಂಗ ಹೇಳಿದ್ರ ಕೊಟ್ಟೂರಪ್ಪನ ಗಾಡಿ ಬಾದನಹಟ್ಟಿ ದಾರಿ ಹಿಡಿದಿರತಿತ್ತು," ಎಂದರು.

ಬಾದನಹಟ್ಟಿಯ ಬಸ್ಸಿನಲ್ಲಿ ಯರ್ರಿಸ್ವಾಮಿಯ ಊರಿನ ಜನವೇ ಇದ್ದರು. ಆದರೂ ಅವನು, ನಾನು ಬರೆದರೆ ಒಬ್ಬ ಹುಡುಗನ ಅನ್ನಕ್ಕೆ ಕಲ್ಲು ಬೀಳುತ್ತದೆ ಎಂದ. ಗಾಳಿ ಸೋರಿತೆಂದು ಬರೆದುಬಿಟ್ಟರೆ ಆಗದೇ ಎಂದೂ ಕೇಳಿದ.

"ನೀವು ಪಿನ್ನು ನೋಡೀರೇನು?"

"ಇಲ್ರಿ."

"ಹಂಗಾದ್ರ ಪಿನ್ನಿನ ಬಗ್ಗೆ ಬರೀಬ್ಯಾಡ್ರಿ. ಅದನ್ನ ವಿರೂಪಾಕ್ಷಿಯವ್ರು ಬರೀತಾರ. ವೈರು ಯಾಕ ಸುತ್ತಿದ್ದು ಅಂತ ಹುಲುಗೇಶ್ ಬರೀತಾನ, ಸ್ಟಾಕ್ ಯಾಕ ಇರಲಿಲ್ಲ ಅಂತ ಸ್ಟೋರಿನವ್ರು ಬರೀತಾರ. ನಿಮ್ಮ ಕಣ್ಣಿಗೆ ಕಂಡದ್ದು, ಕಾಲಿಗೆ ಗೊತ್ತಾದದ್ದು, ಕೈ ಮಾಡಿದ್ದು, ಇಷ್ಟು ನೀವು ಬರೀರಿ. ನನಗ ಹೇಳಿದಂಗ ಬರೀರಿ, ಸಾಕು."

ಅವನಿಗೆ ಹಾಳೆ ಕೊಟ್ಟು ಪಕ್ಕದ ಕೋಣೆಗೆ ಕಳಿಸಿದರು. ಗಾಡಿಯ ಪರೀಕ್ಷೆ ಮುಗಿಯುವವರೆಗೆ ಹೇಗೂ ಅವನಿಗೆ ಡ್ಯೂಟಿ ಇರಲಿಲ್ಲ. ಮೊದಲ ಸಾಲು ಬರೆಯಲು ಬಹಳ ತಿಣುಕಿದ. ನಂದಿನಿ ಬಾಗಿಲಲ್ಲಿ ಇಣುಕಿ, ಎದುರಿಗೆ ನಾನು ಕೂತಿದೀನಿ ಅಂದ್ಕೊಂಡು ಬರೀರಿ ಅಣ್ಣಾ ಎಂದು ಹೋದಳು. ಅಲ್ಲಿಂದ ಪೆನ್ನು ನಿಲ್ಲಲಿಲ್ಲ. ಡಿಪೋದ ಅಂಗಳದಲ್ಲಿ ಬ್ರೇಕು ಸರಿಯಿದ್ದದ್ದು ಬರೆದ. ಸಿರುಗುಪ್ಪದ ಹತ್ತಿರ ಬಂದಾಗ ಪೆನ್ನು ತಡೆಯಿತು. ಎದ್ದು ನೀರು ಕುಡಿದು ಬಂದು ಕುಳಿತ. "ಇಲ್ಲಿ ಪೆಡಲಿನ ಕೆಳಗೆ ಕಟ್ ಎಂದು ಸದ್ದಾಯಿತು. ಪೆಡಲು ಸಡಿಲು ಅನಿಸಿತು. ಮತ್ತೆ ಒತ್ತಿದಾಗ ಹಿಡಿದಿದ್ದರಿಂದ ಇಳಿದು ನೋಡಲಿಲ್ಲ. ನೋಡಬೇಕಾಗಿತ್ತು," ಎಂದು ಬರೆದ. ಆಮೇಲೆ ಸೇತುವೆ, ಯಾವ ಗೇರು ಎಲ್ಲಿ ಹಾಕಿದ್ದು, ಭತ್ತದ ಮೇಲೆ ಹ್ಯಾಂಡ್ ಬ್ರೇಕ್ ಯಾಕೆ ಎಳೆಯಲಿಲ್ಲ, ಎಲ್ಲಿಂದ ಎಳೆದದ್ದು, ಎಲ್ಲ ಬಂತು. ಗಿಡ್ಡಮ್ಮ ಊರು ಬಂತೇನಪ್ಪಾ ಎಂದದ್ದೂ ಬಂತು. ರಂಗಣ್ಣನ ಮಜ್ಜಿಗೆಗೆ ಉಪ್ಪು ಸ್ವಲ್ಪ ಜಾಸ್ತಿಯಾಗಿದ್ದದ್ದೂ ಬಂತು.

ಮೀನಾಕ್ಷಿ ಕುಳಿತು ಪೂರ್ತಿ ಓದಿದರು. ಮಜ್ಜಿಗೆಯ ಹತ್ತಿರ ಬಂದಾಗ ಅವರ ತುಟಿ ಒಂದಿಷ್ಟು ಅಲುಗಿತು ಎಂದು ಯರ್ರಿಸ್ವಾಮಿ ಆಣೆಯಿಟ್ಟು ಹೇಳುತ್ತಾನೆ. ಅವರು ಒಂದಕ್ಷರವನ್ನೂ ಹೊಡೆದುಹಾಕಲಿಲ್ಲ. ಸಿರುಗುಪ್ಪದ ಸದ್ದಿನ ಸಾಲಿನ ಕೆಳಗೆ ಗೆರೆ ಎಳೆದು, ವಿರೂಪಾಕ್ಷಿಯವರನ್ನು ಕರೆದು ತೋರಿಸಿದರು. ಕಳಚುವ ಮೊದಲು ಸದ್ದು ಬರುತ್ತದೆ ಎಂಬುದು ಪರೀಕ್ಷೆಯಲ್ಲಿ ಗೊತ್ತಾಗುವ ಮಾತಲ್ಲ, ಇದನ್ನು ಎಲ್ಲ ಡ್ರೈವರುಗಳಿಗೂ ಹೇಳಬೇಕು ಎಂದರು ವಿರೂಪಾಕ್ಷಿ. ವರದಿ ಹುಲುಗೇಶನ ಹೇಳಿಕೆ ಮತ್ತು ಪರೀಕ್ಷೆಯ ಕಾಗದಗಳ ಜೊತೆ ವಿಭಾಗೀಯ ಕಚೇರಿಗೆ ಹೋಯಿತು.

ಅಲ್ಲಿಂದ ಎಂಜಿನಿಯರರು ಬಂದು ಎಲ್ಲರನ್ನೂ ವಿಚಾರಿಸಿದರು. ಹುಲುಗೇಶ್ ತಾನು ಮಾಡಿದ್ದನ್ನು ಒಪ್ಪಿ ಬರೆದುಕೊಟ್ಟಿದ್ದ. ಸ್ಟೋರಿನಲ್ಲಿ ಪಿನ್ನು ಇರಲಿಲ್ಲವೆಂಬುದೂ ಸಾಬೀತಾಗಿತ್ತು. ಅವನಿಗೆ ಎಚ್ಚರಿಕೆಯ ಮೆಮೋ ಬಂತು, ಕೆಲಸ ಹೋಗಲಿಲ್ಲ. ಯರ್ರಿಸ್ವಾಮಿಗೂ ಸಿರುಗುಪ್ಪದಲ್ಲಿ ಇಳಿದು ನೋಡದಿದ್ದುದಕ್ಕೆ ಎರಡು ಸಾಲಿನ ತಿಳುವಳಿಕೆ ಪತ್ರ ಬಂತು. ಅದೇ ಲಕೋಟೆಯಲ್ಲಿ ಪ್ರಯಾಣಿಕರನ್ನು ಉಳಿಸಿದ್ದಕ್ಕೆ ಮೆಚ್ಚುಗೆಯ ಪತ್ರವೂ ಇತ್ತು. ಹೊನ್ನೂರಮ್ಮ ಎರಡನ್ನೂ ಓದಿಸಿಕೊಂಡು, ಬೈದದ್ದೂ ಹೊಗಳಿದ್ದೂ ಒಂದೇ ಕಾಗದದಲ್ಲಿ ಬರೆದಿದ್ದರೆ ಲಕೋಟೆ ಹಗುರಾಗುತ್ತಿತ್ತು ಎಂದಳು. ಡಿಪೋದ ಎಲ್ಲ ಬಸ್ಸುಗಳ ಪೆಡಲಿನ ಪಿನ್ನು ತಪಾಸಣೆಯಾಯಿತು. ಸ್ಪ್ಲಿಟ್ ಪಿನ್ನು ಡಬ್ಬಿಗಟ್ಟಲೆ ಬಂತು. ಬ್ರೇಕಿಗೆ ಸರಿಯಾದ ಸಾಮಾನು ಇಲ್ಲದಿದ್ದರೆ ಗಾಡಿ ಹೊರಗೆ ಬಿಡುವಂತಿಲ್ಲ ಎಂದು ಮೀನಾಕ್ಷಿ ಸಹಿ ಹಾಕಿ ಗೋಡೆಗೆ ಅಂಟಿಸಿದರು.

ಆ ವಾರವೇ ಒಂದು ಬೆಳಿಗ್ಗೆ ಅವರು ಗೇಟಿನ ಹತ್ತಿರ ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳನ್ನು ಸೇರಿಸಿ, ಯರ್ರಿಸ್ವಾಮಿಯ ಕೈಗೆ ಅವನ ವರದಿಯ ಪ್ರತಿ ಕೊಟ್ಟು ಓದಲು ಹೇಳಿದರು. ಅವನು ಮೊದಲ ಸಾಲು ಓದಿ, ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡು, ಬಾಯಿಂದಲೇ ಹೇಳಲು ನಿಂತ. ಸ್ಟೀರಿಂಗ್ ಹಿಡಿದ, ಕಾಲು ಒತ್ತಿದ, ಹುಬ್ಬೇರಿಸಿದ, ಕಾಲಿಗೆ ನೆಲ ಸಿಗದವನಂತೆ ತೂರಾಡಿದ. ಹ್ಯಾಂಡ್ ಬ್ರೇಕನ್ನು ಹೇಗೆ ಸ್ವಲ್ಪ ಸ್ವಲ್ಪ ಎಳೆಯಬೇಕೆಂದು ಕೊಟ್ಟೂರಪ್ಪನ ತೋಳು ಹಿಡಿದು ತೋರಿಸಿದ. ಹೊಸದಾಗಿ ಸೇರಿದ ಡ್ರೈವರುಗಳು ಬಾಯಿ ತೆರೆದು ಕೇಳಿದರು. ಹಿಂದೆ ನಿಂತಿದ್ದ ಹುಲುಗೇಶ್ ಕೂಡ ಮಂಡಕ್ಕಿಯ ಮಾತು ಬಂದಾಗ ನಕ್ಕುಬಿಟ್ಟ. ಅವನು ನಕ್ಕದ್ದನ್ನು ನೋಡಿ ಯರ್ರಿಸ್ವಾಮಿಗೆ ಎದೆ ಹಗುರಾಯಿತು; ಅದೇ ಹುಮ್ಮಸ್ಸಿನಲ್ಲಿ ಮಂಡಕ್ಕಿಯ ಮಾತನ್ನು ಇನ್ನೊಮ್ಮೆ ಹೇಳಿದ.

ಅಂದೇ ಅವನು ಮತ್ತೆ ಹಚ್ಚೊಳ್ಳಿ ಬಸ್ಸಿಗೆ ಹತ್ತಿದ. ಪೆಡಲಿನ ಕೆಳಗೆ ಬಗ್ಗಿ ಹೊಸ ಪಿನ್ನು ಬೆರಳಿನಿಂದ ಮುಟ್ಟಿ ನೋಡಿ ಸೀಟಿನಲ್ಲಿ ಕುಳಿತ. ನಿಲ್ದಾಣದಲ್ಲಿ ಜನ ಹತ್ತಿದರು. ಸೊಪ್ಪಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತು ಸಿರುಗುಪ್ಪಕ್ಕೆ ಹೋಗುತ್ತದೇನು ಎಂದು ಕೇಳಿದಳು. ಹೋಗ್ತೈತಿ, ಬರ್ರಿ ಎಂದು ಯರ್ರಿಸ್ವಾಮಿ ಬುಟ್ಟಿ ಇಡಲು ಎಂಜಿನ್ನಿನ ಪಕ್ಕ ಜಾಗ ತೋರಿಸಿದ. ನಂದಿನಿ ಸೀಟಿ ಊದಿದಳು.